ತೋಟದ ಸೆನ್ಸರ್ ಲೆಕ್ಕ ಎಲ್ಲಿ ನಡೆಯಬೇಕು? ಗಿಡದ ಬುಡದಲ್ಲೋ, ಮನೆಯಲ್ಲೋ, ಕ್ಲೌಡ್‌ನಲ್ಲೋ

ನನ್ನ ಮಾವನ ತೋಟ ಕೊಡಗಿನ ಸುಂಟಿಕೊಪ್ಪದ ಹತ್ತಿರ. ಹದಿನೆಂಟು ಎಕರೆ ರೋಬಸ್ಟಾ ಕಾಫಿ. ಮನೆ ಗುಡ್ಡದ ಮೇಲೆ, ಕೆರೆ ಮತ್ತು ಪಂಪ್‌ಹೌಸ್ ಕೆಳಗೆ. ನಡುವೆ ಏಳುನೂರು ಮೀಟರ್ ಇಳಿಜಾರು, ಪೂರಾ ನೆರಳು ಮರ. ಮನೆಯಲ್ಲಿ ವೈಫೈ ಇದೆ. ಕೆರೆ ಹತ್ತಿರ ಫೋನ್ ಹಿಡಿದರೆ ಒಮ್ಮೆ ಒಂದು ಕಡ್ಡಿ ರೇಂಜ್ ಬರುತ್ತದೆ, ಒಮ್ಮೆ ಅದೂ ಇಲ್ಲ.

ಎರಡು ವರ್ಷದ ಹಿಂದೆ ಮಾವ ಕೆಳಗಿನ ಬ್ಲಾಕಿನಲ್ಲಿ ಸಿಮ್ ಇರುವ ಮಳೆ ಮಾಪಕ ಹಾಕಿಸಿದರು. ಮಾರ್ಚಿನ ಒಂದು ರಾತ್ರಿ ಗುಡುಗು ಸಮೇತ ಮಳೆ ಹೊಡೆಯಿತು. ಬೆಳಿಗ್ಗೆ ಫೋನ್ ನೋಡಿದರೆ 62 ಸೆಂಟ್ಸ್. ಅದೇ ಬ್ಲಾಕಿನಲ್ಲಿ ತೋಟದ ರೈಟರ್ ಇಟ್ಟಿದ್ದ ಹಳೇ ಗಾಜಿನ ಮಾಪಕ ನೋಡಿದರೆ ಒಂದು ಇಂಚು ಹತ್ತು ಸೆಂಟ್ಸ್. ಹೊರಗಿನವರಿಗೆ ಹೇಳಬೇಕೆಂದರೆ, ನೂರು ಸೆಂಟ್ಸ್ ಸೇರಿದರೆ ಒಂದು ಇಂಚು. ಕೊಡಗಿನ ತೋಟದವರು ಮಳೆಯನ್ನು ಈಗಲೂ ಹೀಗೇ ಹೇಳುತ್ತಾರೆ, ಡೈರಿಯಲ್ಲೂ ಹೀಗೇ ಬರೆಯುತ್ತಾರೆ.

ರೋಬಸ್ಟಾಗೆ ಹೂಮಳೆ, ಅಂದರೆ ಹೂ ಅರಳಿಸುವ ಮಳೆ, ಒಂದು ಇಂಚಿನ ಹತ್ತಿರ ಬೇಕು. 62 ನಿಜವಾದರೆ ಉಳಿದ ನೀರಿಗೆ ಸ್ಪ್ರಿಂಕ್ಲರ್ ಓಡಿಸಬೇಕು. 110 ನಿಜವಾದರೆ ಪಂಪಿನ ಹತ್ತಿರ ಹೋಗುವುದೇ ಬೇಡ. "ಇಷ್ಟು ದುಡ್ಡು ಕೊಟ್ಟು ಸುಳ್ಳು ಹೇಳೋ ಮಾಪಕ ತಂದೆ ನೋಡಪ್ಪ" ಅಂದರು ಮಾವ.

ಮಾಪಕ ಸುಳ್ಳು ಹೇಳಿರಲಿಲ್ಲ. ಅದು ಸರಿಯಾಗಿ ಎಣಿಸಿತ್ತು. ಎಣಿಸಿದ್ದನ್ನು ಎಲ್ಲಿ ಕೂಡಿಸಬೇಕು ಅನ್ನುವುದನ್ನು ಮಾಡಿದವರು ತಪ್ಪಾಗಿ ತೀರ್ಮಾನಿಸಿದ್ದರು. ಆಮೇಲೆ ನಾನೇ ಆ ತೋಟಕ್ಕೆ ಬೇರೆ ವ್ಯವಸ್ಥೆ ಹಾಕಿದೆ. ಈಗ ನೆಂಟರು, ಅಕ್ಕಪಕ್ಕದವರು "ಯಾವುದು ತಗೊಳ್ಳೋದು" ಎಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಅಂಗಡಿಯಲ್ಲಿ ಸಿಗುವ ಮೂರು ದಾರಿ

ಮೊದಲನೆಯದು, ಪ್ರತಿ ಸಾಧನಕ್ಕೂ ಒಂದು ಸಿಮ್. ಸೆನ್ಸರ್ ಅಳೆಯುತ್ತದೆ, ನೇರ ಕ್ಲೌಡ್‌ಗೆ ಕಳಿಸುತ್ತದೆ, ಲೆಕ್ಕವೆಲ್ಲ ಅಲ್ಲಿ. ಹಾಕುವುದು ಸುಲಭ. ಟವರ್ ಚೆನ್ನಾಗಿ ಸಿಗುವ ಜಾಗದಲ್ಲಿ ಒಂದೇ ಒಂದು ಸಾಧನ ಬೇಕಿದ್ದರೆ ಇದೇ ಸಾಕು, ಮುಂದೆ ಓದಬೇಕಾಗಿಲ್ಲ. ಆದರೆ ರೇಂಜ್ ಕಮ್ಮಿ ಇದ್ದಷ್ಟೂ ಸಿಮ್ ಮಾಡ್ಯೂಲ್ ಟವರ್ ಹುಡುಕುತ್ತಾ ಬ್ಯಾಟರಿ ತಿನ್ನುತ್ತದೆ. ಸೋಲಾರ್ ಇದೆಯಲ್ಲ ಅನ್ನಬಹುದು. ಜುಲೈ ತಿಂಗಳಲ್ಲಿ, ನೆರಳು ಮರದ ಕೆಳಗೆ, ಕೊಡಗಿನಲ್ಲಿ ಸೋಲಾರ್ ಪ್ಯಾನೆಲ್ ಎಷ್ಟು ಕರೆಂಟು ಕೊಡುತ್ತದೆ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು, ಕಮ್ಮಿ ಬ್ಯಾಟರಿಯಲ್ಲಿ ದೂರ ಮುಟ್ಟುವ ಲೋರಾ ರೇಡಿಯೋ. ತೋಟದಲ್ಲಿ ಬ್ಯಾಟರಿಯ ಸಣ್ಣ ಡಬ್ಬಗಳು, ಅಂದರೆ ನೋಡ್‌ಗಳು. ಮನೆ ಮೇಲೆ ಆಂಟೆನಾ ಇರುವ ಗೇಟ್‌ವೇ. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಯನ್ನು ಲೈಸೆನ್ಸ್ ಇಲ್ಲದೆ ಬಳಸಬಹುದು, ಲೋರಾ ಅದರಲ್ಲೇ ನಡೆಯುತ್ತದೆ. ಗೇಟ್‌ವೇ ಬಂದ ಸಂದೇಶವನ್ನು ಇಂಟರ್ನೆಟ್ ಮೂಲಕ ಕ್ಲೌಡ್‌ಗೆ ದಾಟಿಸುತ್ತದೆ.

ಮೂರನೆಯದರಲ್ಲೂ ಅದೇ ಲೋರಾ, ಅದೇ ನೋಡ್. ಆದರೆ ಮನೆಯಲ್ಲೊಂದು ಸಣ್ಣ ಕಂಪ್ಯೂಟರ್ ಇರುತ್ತದೆ. ಅದು ಸಂದೇಶವನ್ನು ಬಿಡಿಸಿ ಓದುತ್ತದೆ, ತೀರ್ಮಾನ ಮಾಡುತ್ತದೆ, ಉಳಿಸಿಟ್ಟುಕೊಳ್ಳುತ್ತದೆ, ಆಮೇಲೆ ಕ್ಲೌಡ್‌ಗೆ ಕಳಿಸುತ್ತದೆ. ಡೇಟಾ ಹುಟ್ಟುವ ಜಾಗದ ಹತ್ತಿರವೇ ಲೆಕ್ಕ ಮಾಡುವ ಇದಕ್ಕೇ ಎಡ್ಜ್ ಕಂಪ್ಯೂಟಿಂಗ್ ಅನ್ನುವುದು.

ಎರಡನೆಯದಕ್ಕೂ ಮೂರನೆಯದಕ್ಕೂ ಹೊರಗಿನಿಂದ ನೋಡಿದರೆ ವ್ಯತ್ಯಾಸವೇ ಕಾಣುವುದಿಲ್ಲ. ಮಾರುವವರು ಎರಡನ್ನೂ ಎಡ್ಜ್ ಎಂದೇ ಕರೆಯುತ್ತಾರೆ. ಜಾಸ್ತಿ ಜನ ಮೋಸ ಹೋಗುವುದು ಇಲ್ಲೇ.

ಲೋರಾವಾನ್ ಪದ್ಧತಿಯಲ್ಲಿ ನೋಡ್ ತನ್ನ ಸಂದೇಶಕ್ಕೆ ಬೀಗ ಹಾಕಿ ಕಳಿಸುತ್ತದೆ. ಬೀಗದ ಕೈ ಇರುವುದು ಸರ್ವರ್ ಬಳಿ. ಆ ಸರ್ವರ್ ಕ್ಲೌಡ್‌ನಲ್ಲಿದ್ದರೆ, ನಿಮ್ಮ ಮನೆ ಮೇಲಿನ ಗೇಟ್‌ವೇಗೆ ತನ್ನ ಕೈಯಲ್ಲಿರುವುದು ಮಳೆಯ ಲೆಕ್ಕವೋ ಮಣ್ಣಿನ ಲೆಕ್ಕವೋ ಗೊತ್ತಿರುವುದಿಲ್ಲ. ಅದು ಬರೀ ಅಂಚೆಯಣ್ಣ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಬಹಳ ಗೇಟ್‌ವೇಗಳಲ್ಲಿ ಇರುವ ಹಳೇ ಯುಡಿಪಿ ಫಾರ್ವರ್ಡರ್ ತಂತ್ರಾಂಶ ಇಂಟರ್ನೆಟ್ ಇಲ್ಲದಾಗ ಸಂದೇಶವನ್ನು ಇಟ್ಟುಕೊಳ್ಳುವುದಿಲ್ಲ. ಮೇಲೆ ಕಳಿಸಲು ನೋಡುತ್ತದೆ, ಆಗದಿದ್ದರೆ ಅಲ್ಲಿಗೆ ಮುಗಿಯಿತು, ಆ ಅಂಚೆ ಹೋಯಿತು. ಅಂದರೆ ಎರಡನೇ ದಾರಿಯಲ್ಲಿ ನೆಟ್ ಹೋದಾಗ ಆಗುವುದು ಮೊದಲನೇ ದಾರಿಯಲ್ಲಿ ಆಗುವುದೇ. ವ್ಯತ್ಯಾಸ ಏನೆಂದರೆ ಬ್ಯಾಟರಿ ಉಳಿಯುತ್ತದೆ.

ಮೂರನೇ ದಾರಿ ಅಂದರೆ ಆ ಸರ್ವರನ್ನೇ ಮನೆಗೆ ತರುವುದು. ಚಿರ್ಪ್‌ಸ್ಟ್ಯಾಕ್ ಎಂಬ ಉಚಿತ ಸರ್ವರ್ ತಂತ್ರಾಂಶ ಇದೆ, ರಾಸ್ಪ್‌ಬೆರಿ ಪೈ ಮೇಲೆ ಓಡುತ್ತದೆ. ಆಗ ಬೀಗದ ಕೈ ಮನೆಯಲ್ಲೇ ಇರುತ್ತದೆ. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: "ಇಂಟರ್ನೆಟ್ ತಂತಿ ಕಿತ್ತರೂ ಮನೆಯ ವೈಫೈನಲ್ಲಿ ಇವತ್ತಿನ ಮಳೆ ನೋಡಬಹುದಾ?" ಹೌದು ಅಂದರೆ ಮೂರನೆಯದು. ಉತ್ತರ ಕೊಡಲು ತಡವರಿಸಿದರೆ ಎರಡನೆಯದು.

ಇದು ಯಾಕೆ ಇಷ್ಟು ಮುಖ್ಯ ಅಂದರೆ, ನಮ್ಮಲ್ಲಿ ನೆಟ್ ಹೋಗುವುದು ಅಪರೂಪದ ಮಾತಲ್ಲ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಕರೆಂಟು ಎರಡು ಮೂರು ದಿನ ಬರುವುದಿಲ್ಲ, ಟವರಿನ ಬ್ಯಾಟರಿ ಅದಕ್ಕೂ ಮುಂಚೆ ಮುಗಿದಿರುತ್ತದೆ. 2018ರ ಆಗಸ್ಟಿನ ಮಳೆ, ಗುಡ್ಡಕುಸಿತ ಕಂಡವರಿಗೆ ಇದು ಗೊತ್ತು. ಮಳೆ ಲೆಕ್ಕ ಬೇಕೇ ಬೇಕು ಅನ್ನುವ ದಿನಗಳೂ, ಕ್ಲೌಡ್ ಕೈಗೆ ಸಿಗದ ದಿನಗಳೂ ಒಂದೇ.

ಮಳೆ: ಎಣಿಸುವುದು ನೋಡ್, ಕಳೆಯುವುದು ಮನೆ

ಈಗ ಆ 62 ಎಲ್ಲಿಂದ ಬಂತು ನೋಡೋಣ. ಮಳೆ ಮಾಪಕದೊಳಗೆ ಸಣ್ಣದೊಂದು ತೊಟ್ಟಿ ಏತದಂತೆ ತೂಗುತ್ತಿರುತ್ತದೆ. ಒಂದು ಕಡೆ ತುಂಬಿದಾಗ ಮಗುಚುತ್ತದೆ, ಒಂದು ಎಣಿಕೆ ಆಗುತ್ತದೆ. ಒಂದು ಮಗುಚಿಗೆ 0.254 ಮಿಲಿಮೀಟರ್ ಇರುವ ಮಾಪಕ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಅದು ಕರೆಕ್ಟಾಗಿ ಒಂದು ಸೆಂಟ್. 0.2 ಮಿಲಿಮೀಟರಿನದೂ ಬರುತ್ತದೆ, ತಪ್ಪೇನಿಲ್ಲ, ಸುಮ್ನೆ ಒಂದು ಗುಣಾಕಾರ ಜಾಸ್ತಿ.

ಮಾವನ ಸಿಮ್ ಸಾಧನ ಹದಿನೈದು ನಿಮಿಷಕ್ಕೊಮ್ಮೆ "ಕಳೆದ ಸಲ ಹೇಳಿದ ಮೇಲೆ ಇಷ್ಟು ಸಲ ಮಗುಚಿತು" ಎಂದು ಕಳಿಸಿ, ಎಣಿಕೆಯನ್ನು ಸೊನ್ನೆ ಮಾಡಿಕೊಳ್ಳುತ್ತಿತ್ತು. ಕೂಡಿಸುವ ಕೆಲಸ ಕ್ಲೌಡಿನದು. ಆ ರಾತ್ರಿ ಮಳೆ ಜೋರಾಗಿದ್ದ ಅರ್ಧ ಗಂಟೆಯಲ್ಲೇ ಎರಡು ಸಂದೇಶ ಹೋಗಲಿಲ್ಲ. ಆ ಎರಡರಲ್ಲಿ 48 ಸೆಂಟ್ಸ್ ಇತ್ತು. ಕ್ಲೌಡ್ ತನಗೆ ಬಂದದ್ದನ್ನು ಸರಿಯಾಗಿಯೇ ಕೂಡಿಸಿ 62 ಎಂದಿತು.

ನಾನು ಬದಲಿಸಿದ್ದು ಇಷ್ಟೇ. ನೋಡ್ ಸೊನ್ನೆ ಮಾಡಿಕೊಳ್ಳುವುದೇ ಇಲ್ಲ. ಹಾಕಿದ ದಿನದಿಂದ ಒಟ್ಟು ಎಷ್ಟು ಸಲ ಮಗುಚಿತೋ ಆ ಸಂಖ್ಯೆಯನ್ನು ಪ್ರತಿ ಸಲವೂ ಕಳಿಸುತ್ತದೆ. ಹೊಸ ಸಂಖ್ಯೆಯಲ್ಲಿ ಹಿಂದಿನದನ್ನು ಕಳೆದು ಮಳೆ ಎಷ್ಟೆಂದು ತಿಳಿಯುವುದು ಮನೆಯ ಕಂಪ್ಯೂಟರ್. ಕರೆಂಟ್ ಮೀಟರ್ ಇದ್ದ ಹಾಗೆ. ಮೀಟರ್ ರೀಡರ್ ಒಂದು ತಿಂಗಳು ಬರದಿದ್ದರೆ ಯೂನಿಟ್ ಕಳೆದುಹೋಗುವುದಿಲ್ಲ, ಅಲ್ವಾ? ಹಾಗೇ ಇಲ್ಲೂ ನಡುವೆ ಹತ್ತು ಸಂದೇಶ ಹೋದರೂ ಹನ್ನೊಂದನೆಯದು ಬಂದರೆ ಒಟ್ಟು ಮಳೆ ಸರಿಯಾಗೇ ಸಿಗುತ್ತದೆ. ಎಷ್ಟು ಹೊತ್ತಿಗೆ ಎಷ್ಟು ಸುರಿಯಿತು ಎಂಬ ವಿವರ ಮಾತ್ರ ಮಸುಕಾಗುತ್ತದೆ.

ಎರಡು ಬೈಟಿನ ಎಣಿಕೆ 65,535ರವರೆಗೆ ಹೋಗುತ್ತದೆ, ಅಂದರೆ 655 ಇಂಚು. ಭಾಗಮಂಡಲದಂಥ ಊರಿನಲ್ಲೂ ಒಂದು ವರ್ಷದಲ್ಲಿ ಅದು ತುಂಬುವುದಿಲ್ಲ. ತುಂಬಿ ಸೊನ್ನೆಗೆ ತಿರುಗಿದಾಗ, ಅಥವಾ ಬ್ಯಾಟರಿ ಬದಲಿಸಿ ನೋಡ್ ಹೊಸದಾಗಿ ಎಣಿಸಲು ಶುರು ಮಾಡಿದಾಗ, ಹೊಸ ಸಂಖ್ಯೆ ಹಳೆಯದಕ್ಕಿಂತ ಚಿಕ್ಕದಾಗಿರುತ್ತದೆ. ಅದನ್ನು ಗುರುತಿಸುವ ನಾಲ್ಕು ಸಾಲಿನ ಲೆಕ್ಕ ಮನೆಯ ಕಂಪ್ಯೂಟರಿನಲ್ಲಿರಬೇಕು. ಇಲ್ಲದಿದ್ದರೆ ಒಂದು ದಿನ ನಿಮ್ಮ ತೋಟದಲ್ಲಿ ಮೈನಸ್ ನಾನೂರು ಇಂಚು ಮಳೆ ಬರುತ್ತದೆ.

ಮಣ್ಣಿನ ತೇವದ ವಿಷಯ ಇದರ ತಿರುಗುಮುರುಗು. ಅಲ್ಲಿ ನೋಡ್ ಬುದ್ಧಿವಂತಿಕೆ ತೋರಿಸಬಾರದು. ತೇವದ ಸೆನ್ಸರ್ ಕೊಡುವುದು ಬರೀ ಒಂದು ಸಂಖ್ಯೆ, 1,840 ಎನ್ನೋಣ. ಅದನ್ನು ಶೇಕಡಾ ತೇವ ಮಾಡಲು ಆ ತೋಟದ ಮಣ್ಣಿನಲ್ಲೇ ಅಳೆದು ತಾಳೆ ನೋಡಿದ ಸೂತ್ರ ಬೇಕು. ಆ ಸೂತ್ರ ಮೊದಲ ವರ್ಷ ಸರಿ ಇರುವುದೇ ಇಲ್ಲ. ಒಣ ಮಣ್ಣು, ಒದ್ದೆ ಮಣ್ಣು ಒಲೆಯಲ್ಲಿಟ್ಟು ತೂಕ ಮಾಡಿ ಎರಡು ಮೂರು ಸಲ ತಿದ್ದಬೇಕಾಗುತ್ತದೆ. ನೋಡ್ ಒಳಗೇ ಶೇಕಡಾ ಮಾಡಿ ಕಳಿಸಿದರೆ ಹಳೇ ಡೇಟಾ ಎಲ್ಲ ಹಳೇ ತಪ್ಪಿನೊಂದಿಗೇ ಉಳಿಯುತ್ತದೆ. ಹಸಿ ಸಂಖ್ಯೆಯನ್ನೇ ಕಳಿಸಿ ಕ್ಲೌಡ್‌ನಲ್ಲಿ ಇಟ್ಟರೆ ಸೂತ್ರ ತಿದ್ದಿದ ದಿನ ಹಿಂದಿನ ವರ್ಷದ್ದೂ ತಾನೇ ಸರಿಯಾಗುತ್ತದೆ. ಹಾಗಾಗಿ ನನ್ನ ನಿಯಮ: ಕಳೆದುಹೋದರೆ ಮತ್ತೆ ಸಿಗದ ಲೆಕ್ಕವನ್ನು ನೋಡ್ ಮಾಡಲಿ. ಮುಂದೆ ತಿದ್ದಬೇಕಾಗಬಹುದಾದ ಲೆಕ್ಕ ಮೇಲಿರಲಿ.

ನಮ್ಮ ನೋಡ್ ಕಳಿಸುವುದು ಹತ್ತೇ ಬೈಟು. ಮಳೆಯ ಎಣಿಕೆ, ಎರಡು ಆಳದ ತೇವ, ಉಷ್ಣಾಂಶ, ಬ್ಯಾಟರಿ, ತಲಾ ಎರಡು. ಇದನ್ನೇ ಜೇಸನ್ ರೂಪದಲ್ಲಿ ಹೆಸರು ಸಮೇತ ಬರೆದರೆ ತೊಂಬತ್ತು ಬೈಟಿನ ಹತ್ತಿರ ಹೋಗುತ್ತದೆ. ದೂರದ ನೋಡ್ ಬಳಸುವ, ಲೋರಾದ ಅತಿ ನಿಧಾನದ ಎಸ್‌ಎಫ್ 12 ವೇಗದಲ್ಲಿ ಒಂದು ಸಂದೇಶಕ್ಕೆ 51 ಬೈಟೇ ಮಿತಿ, ಹೋಗುವುದೇ ಇಲ್ಲ. ಇನ್ನೊಂದು ವಿಷಯ. ಆ ಹತ್ತು ಬೈಟು ಕಳಿಸಲು ಹತ್ತಿರದ ನೋಡ್ ಬಳಸುವ ವೇಗದ ಎಸ್‌ಎಫ್ 7ರಲ್ಲಿ ಸೆಕೆಂಡಿನ ಹದಿನಾರನೇ ಒಂದು ಭಾಗ ಸಾಕು, ಎಸ್‌ಎಫ್ 12ರಲ್ಲಿ ಒಂದೂವರೆ ಸೆಕೆಂಡು ಬೇಕು. ಬ್ಯಾಟರಿ ಖರ್ಚೂ ಅದೇ ಅಳತೆಯಲ್ಲಿ ಏರುತ್ತದೆ. ಮಳೆಗಾಲದಲ್ಲಿ ಒದ್ದೆ ಎಲೆ ರೇಡಿಯೋ ಅಲೆಯನ್ನು ಇನ್ನಷ್ಟು ಹೀರುತ್ತದೆ. ಬೇಸಿಗೆಯಲ್ಲಿ ಹಾಕಿ, ಚೆನ್ನಾಗಿ ನಡೆಯುತ್ತಿದೆ ಎಂದು ಬಿಲ್ ಚುಕ್ತಾ ಮಾಡಬೇಡಿ. ಗೇಟ್‌ವೇ ಆಂಟೆನಾ ಛಾವಣಿಗಿಂತ ಮೇಲಿರಲಿ, ಅರ್ತಿಂಗ್ ಮತ್ತು ಸರ್ಜ್ ಅರೆಸ್ಟರ್ ಇರಲಿ. ಏಪ್ರಿಲ್ ಸಿಡಿಲಿಗೆ ನಮ್ಮ ಮೊದಲ ಗೇಟ್‌ವೇ ಹೋಯಿತು.

ಹೊತ್ತು ಗೊತ್ತಿಲ್ಲದ ಕಂಪ್ಯೂಟರ್

ಮನೆಯಲ್ಲೇ ಲೆಕ್ಕ ಮಾಡುವ ದಾರಿಗೂ ಅದರದೇ ರೋಗಗಳಿವೆ. ಅದನ್ನು ಹೇಳದೆ ಹೊಗಳಿದರೆ ನಾನೂ ಮಾರುವವನ ಹಾಗೇ ಆಗುತ್ತೇನೆ.

ಮೊದಲ ಮಳೆಗಾಲದಲ್ಲಿ ಒಂದು ರಾತ್ರಿ ಕರೆಂಟು ಹೋಯಿತು. ಮರುದಿನ ಸಂಜೆ ಬಂತು, ಆದರೆ ನೆಟ್ ಬಂದದ್ದು ಅದರ ಮರುದಿನ. ಆಮೇಲೆ ನೋಡಿದರೆ ಎರಡನೇ ದಿನದ ಮಳೆ ಪೂರ್ತಿ ಮೊದಲ ರಾತ್ರಿಯ ಲೆಕ್ಕಕ್ಕೆ ಹೋಗಿ ಕೂತಿತ್ತು. ಕಾರಣ ಸರಳ. ರಾಸ್ಪ್‌ಬೆರಿ ಪೈ 4ರಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಅದು ಹೊತ್ತನ್ನು ಇಂಟರ್ನೆಟ್‌ನಿಂದ ಕೇಳಿ ತಿಳಿಯುತ್ತದೆ. ನೆಟ್ ಇಲ್ಲದೆ ಎದ್ದರೆ, ತಾನು ಕಡೆಯ ಸಲ ಬರೆದಿಟ್ಟುಕೊಂಡ ಹೊತ್ತಿನಿಂದಲೇ ಮುಂದುವರಿಯುತ್ತದೆ. ಡಿಎಸ್ 3231 ಎಂಬ ಸಣ್ಣ ಗಡಿಯಾರದ ಚಿಪ್ ಹಾಕಿದ ಮೇಲೆ ಸರಿಹೋಯಿತು. ಅದು ತಪ್ಪಿದರೂ ವರ್ಷಕ್ಕೆ ಒಂದು ನಿಮಿಷದ ಹತ್ತಿರ ತಪ್ಪುತ್ತದೆ. ಪೈ 5ರಲ್ಲಿ ಗಡಿಯಾರ ಇದೆ, ಅದಕ್ಕೆ ಬ್ಯಾಟರಿ ನಾವೇ ಸಿಕ್ಕಿಸಬೇಕು.

ಹೊತ್ತಿನ ಮುದ್ರೆ ಹಾಕುವುದು ಮನೆಯ ಕಂಪ್ಯೂಟರಿನ ಕೆಲಸ, ಕ್ಲೌಡಿನದಲ್ಲ. ತಲುಪಿದ ಹೊತ್ತನ್ನೇ ಮಳೆಯ ಹೊತ್ತು ಎಂದು ಕ್ಲೌಡ್ ಬರೆದುಕೊಂಡರೆ, ನೆಟ್ ಬಂದ ಕೂಡಲೇ ಮೂರು ದಿನದ ಮಳೆ ಒಂದೇ ನಿಮಿಷದಲ್ಲಿ ಸುರಿದ ಹಾಗೆ ಗ್ರಾಫ್ ಬರುತ್ತದೆ. ಇನ್ನೊಂದು ಸಣ್ಣ ಬಲೆ ದಿನದ ಗಡಿಯದು. ಕ್ಲೌಡ್ ಸೇವೆಗಳು ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಹೊತ್ತಿನ ದಿನ ಹಿಡಿದು ಕೂಡಿಸುತ್ತವೆ. ಆ ದಿನ ನಮಗೆ ಬೆಳಿಗ್ಗೆ ಐದೂವರೆಗೆ ಶುರುವಾಗುತ್ತದೆ. ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ ಎಂಟೂವರೆಯಿಂದ ಎಂಟೂವರೆಗೆ. ಮಾವನ ಡೈರಿಯೂ ಹೆಚ್ಚುಕಡಿಮೆ ಅದೇ ಹೊತ್ತಿನದು. ಡೈರಿಗೂ ಫೋನಿಗೂ ತಾಳೆ ಆಗದಿದ್ದರೆ ಸೆನ್ಸರನ್ನು ಬೈಯುವ ಮೊದಲು ಇದನ್ನು ನೋಡಿ.

ಇನ್ನು ಉಳಿಸಿಟ್ಟುಕೊಳ್ಳುವ ಮಾತು. ಮನೆಯಿಂದ ಕ್ಲೌಡ್‌ಗೆ ನಾನು ಮಾಸ್ಕಿಟೊ ಎಂಬ ಎಂಕ್ಯೂಟಿಟಿ ಬ್ರೋಕರ್, ಅಂದರೆ ಸಂದೇಶ ಪಡೆದು ದಾಟಿಸುವ ತಂತ್ರಾಂಶ, ಬಳಸುತ್ತೇನೆ. ನೆಟ್ ಇಲ್ಲದಾಗ ಸಾಲಲ್ಲಿ ಇಟ್ಟುಕೊಂಡು, ಬಂದಾಗ ಕಳಿಸುತ್ತದೆ. ಇಡೀ ವಿಷಯ ಈ ಕೆಲವು ಸಾಲುಗಳಲ್ಲಿದೆ:

```
persistence true
autosave_interval 300
max_queued_messages 20000

connection cloud
address broker.example.com:8883
bridge_cafile /etc/ssl/certs/ca-certificates.crt
topic tota/# out 1
cleansession false
```

ಇದರಲ್ಲಿ ಎರಡು ಸಾಲು ನನಗೆ ಪಾಠ ಕಲಿಸಿದವು. `max_queued_messages` ಬರೆಯದಿದ್ದರೆ ಕಾಯುವ ಸಂದೇಶಗಳ ಸಾಲಿನ ಮಿತಿ 1,000. ಆರು ನೋಡ್, ಹದಿನೈದು ನಿಮಿಷಕ್ಕೊಂದು ಸಂದೇಶ ಅಂದರೆ ದಿನಕ್ಕೆ 576. ಎರಡನೇ ದಿನ ಮುಗಿಯುವ ಮೊದಲೇ ಸಾಲು ತುಂಬುತ್ತದೆ, ಆಮೇಲೆ ಬಂದದ್ದು ಸದ್ದಿಲ್ಲದೆ ಬಿದ್ದುಹೋಗುತ್ತದೆ. ಪರೀಕ್ಷೆಗೆಂದು ಒಂದು ಗಂಟೆ ತಂತಿ ಕಿತ್ತು ನೋಡಿದರೆ ಇದು ಗೊತ್ತೇ ಆಗುವುದಿಲ್ಲ. ಇನ್ನೊಂದು `autosave_interval`. ಬರೆಯದಿದ್ದರೆ ಸಾಲನ್ನು ಡಿಸ್ಕಿಗೆ ಉಳಿಸುವುದು ಅರ್ಧ ಗಂಟೆಗೊಮ್ಮೆ, ನಡುವೆ ಕರೆಂಟು ಹೋದರೆ ಅಷ್ಟು ಹೋಯಿತು. `topic` ಸಾಲಿನ ಕೊನೆಯ `1` ಅಂದರೆ ತಲುಪಿತು ಎಂಬ ಉತ್ತರ ಬರುವವರೆಗೆ ಬಿಡಬೇಡ ಎಂದು. ಇದರಿಂದ ಒಂದೇ ಸಂದೇಶ ಎರಡು ಸಲ ಹೋಗಬಹುದು. ಕ್ಲೌಡ್‌ನಲ್ಲಿ ನೋಡ್ ಸಂಖ್ಯೆ ಮತ್ತು ಹೊತ್ತು ಎರಡೂ ಒಂದೇ ಇದ್ದರೆ ಒಂದನ್ನು ಬಿಡಬೇಕು. ಮಳೆ ಒಟ್ಟು ಎಣಿಕೆಯಲ್ಲಿ ಬರುವುದರಿಂದ ಎರಡು ಸಲ ಬಂದರೂ ಮಳೆ ಜಾಸ್ತಿ ಆಗುವುದಿಲ್ಲ, ಅದೊಂದು ನೆಮ್ಮದಿ.

ಪಂಪ್: ಒಂದೇ ಯಂತ್ರ, ಮೂರು ಕಡೆ ಬುದ್ಧಿ

ಮಳೆ ಲೆಕ್ಕ ತಪ್ಪಿದರೆ ಬೇಜಾರು. ಪಂಪ್ ಲೆಕ್ಕ ತಪ್ಪಿದರೆ ಮೋಟಾರು ಸುಡುತ್ತದೆ. ಹಾಗಾಗಿ ಇಲ್ಲಿ ಆಯ್ಕೆ ಇನ್ನೂ ಬಿಗಿ.

ಮಾವನದು ಕೆರೆ ದಡದ ಹತ್ತು ಎಚ್‌ಪಿ ಪಂಪು. ಫುಟ್‌ವಾಲ್ವ್‌ಗೆ ಎಲೆ ಸಿಕ್ಕಿ ನೀರು ಎಳೆಯದಿದ್ದರೆ ಮೋಟಾರು ಒಣ ಓಡುತ್ತದೆ, ಕೆಲವೇ ನಿಮಿಷದಲ್ಲಿ ಸೀಲ್ ಹೋಗುತ್ತದೆ. ಒಣ ಓಡುವಾಗ ಭಾರ ಇಲ್ಲದ್ದರಿಂದ ಮೋಟಾರು ಎಳೆಯುವ ಕರೆಂಟು ಇಳಿಯುತ್ತದೆ. ತಂತಿಗೆ ಕರೆಂಟು ಅಳೆಯುವ ಒಂದು ಸಿಟಿ ಸುರುಳಿ ಹಾಕಿ ಅದನ್ನು ಹಿಡಿಯಬಹುದು. ಆದರೆ ಕರೆಂಟು ಸೆಕೆಂಡಿಗೆ ಐವತ್ತು ಸಲ ಏರಿಳಿಯುವ ಅಲೆ. ಅದನ್ನು ಸರಿಯಾಗಿ ಅಳೆಯಲು ಸೆಕೆಂಡಿಗೆ ಸಾವಿರ ಸಲವಾದರೂ ನೋಡಬೇಕು. ಒಂದು ಅಳತೆಗೆ ಎರಡು ಬೈಟಿನಂತೆ ಒಂದು ಫೇಸಿಗೆ ದಿನಕ್ಕೆ 173 ಎಂಬಿ ಆಗುತ್ತದೆ, ಮೂರು ಫೇಸಿಗೆ ಐನೂರು ದಾಟುತ್ತದೆ. ಲೋರಾದಲ್ಲಿ ಇದು ಕನಸಿನಲ್ಲೂ ಹೋಗುವುದಿಲ್ಲ. ಹೋಗಬೇಕಾಗಿಯೂ ಇಲ್ಲ. ಪಂಪ್‌ಹೌಸ್‌ನಲ್ಲೇ ಇರುವ ಚಿಪ್ ಆ ಸಾವಿರ ಅಳತೆಯಿಂದ ಒಂದು ಸಂಖ್ಯೆ ಮಾಡುತ್ತದೆ: ಈಗ ಇಷ್ಟು ಆಂಪಿಯರ್. ಅದು ಮಿತಿಗಿಂತ ಕೆಳಗೆ ಹತ್ತು ಸೆಕೆಂಡು ನಿಂತರೆ ಸ್ಟಾರ್ಟರ್ ಬಿಡಿಸುತ್ತದೆ. ಮನೆಯನ್ನೂ ಕೇಳುವುದಿಲ್ಲ, ಕ್ಲೌಡನ್ನೂ ಕೇಳುವುದಿಲ್ಲ. ಇದರ ಜೊತೆಗೆ ಸ್ಟಾರ್ಟರಿನ ಮಾಮೂಲಿ ಡ್ರೈರನ್ ರಿಲೇ ಮತ್ತು ಸಿಂಗಲ್ ಫೇಸ್ ತಡೆಯುವ ರಿಲೇ ಇದ್ದೇ ಇರಬೇಕು. ನಮ್ಮ ಚಿಪ್ ಅವುಗಳ ಬದಲಿಗೆ ಬಂದದ್ದಲ್ಲ.

ಯಾವಾಗ ಓಡಿಸಬೇಕು ಅನ್ನುವುದು ಮನೆಯ ಕಂಪ್ಯೂಟರಿನ ಕೆಲಸ. ಆರು ನೋಡ್‌ಗಳ ತೇವ, ನಿನ್ನೆಯ ಮಳೆ, ಕೆರೆಯ ಮಟ್ಟ ಎಲ್ಲ ಒಟ್ಟಿಗೆ ಸಿಗುವುದು ಅಲ್ಲೇ. ಒಂದು ನೋಡ್‌ಗೆ ತನ್ನ ಬುಡದ ಮಣ್ಣು ಬಿಟ್ಟು ಬೇರೆ ಗೊತ್ತಿಲ್ಲ. ಕ್ಲೌಡ್‌ಗೂ ಇದೆಲ್ಲ ಗೊತ್ತು, ಆದರೆ ನೆಟ್ ಇದ್ದಾಗ ಮಾತ್ರ.

ಆಜ್ಞೆ ಕೊಡುವ ರೀತಿಯಲ್ಲೊಂದು ಕಿವಿಮಾತು. "ಆನ್ ಆಗು" ಎಂದು ಹೇಳಿ, ಮೂರು ಗಂಟೆ ಬಿಟ್ಟು "ಆಫ್ ಆಗು" ಎನ್ನುವ ವ್ಯವಸ್ಥೆ ಬೇಡ. ನಡುವೆ ರೇಡಿಯೋ ಸತ್ತರೆ ಕೆರೆ ಖಾಲಿಯಾಗುವವರೆಗೆ ಪಂಪ್ ಓಡುತ್ತದೆ. "ಮೂರು ಗಂಟೆ ಓಡು" ಎಂದೇ ಹೇಳಬೇಕು. ಎಣಿಸಿ ನಿಲ್ಲಿಸುವುದು ಪಂಪ್‌ಹೌಸ್‌ನ ಚಿಪ್. ಕೊಳ್ಳುವಾಗ ಇದನ್ನು ತೋರಿಸಿ ಎನ್ನಿ: ಪಂಪ್ ಓಡುವಾಗ ಗೇಟ್‌ವೇ ಆಫ್ ಮಾಡಿ, ಹೇಳಿದ ಹೊತ್ತಿಗೆ ತಾನಾಗೇ ನಿಲ್ಲುತ್ತದಾ ನೋಡಿ.

ಬ್ಯಾಟರಿಯ ಲೋರಾ ನೋಡ್‌ಗೆ ಪಂಪ್ ಕಟ್ಟಲೂಬಾರದು. ಅವು ಕ್ಲಾಸ್ ಎ ಜಾತಿಯವು. ತಾನು ಸಂದೇಶ ಕಳಿಸಿದ ಮೇಲೆ ಒಂದೆರಡು ಸೆಕೆಂಡು ಮಾತ್ರ ಕಿವಿ ತೆರೆದಿಟ್ಟು, ಆಮೇಲೆ ಮಲಗುತ್ತವೆ. ನೀವು ಹೇಳಿದ್ದು ಕೇಳಿಸುವುದು ಮುಂದಿನ ಹದಿನೈದು ನಿಮಿಷದ ಸರದಿಗೆ. ಪಂಪಿಗೆ ಯಾವಾಗಲೂ ಎಚ್ಚರ ಇರುವ ಕ್ಲಾಸ್ ಸಿ ಬೇಕು. ಪಂಪ್‌ಹೌಸ್‌ನಲ್ಲಿ ಹೇಗೂ ಕರೆಂಟು ಇರುತ್ತದೆ, ಅದಕ್ಕೆ ತೊಂದರೆ ಇಲ್ಲ.

ಹಾಗಾದರೆ ಪಂಪಿನ ವಿಷಯದಲ್ಲಿ ಕ್ಲೌಡ್‌ಗೆ ಏನು ಕೆಲಸ? ಎಷ್ಟು ಗಂಟೆ ಓಡಿತು, ಎಷ್ಟು ಆಂಪಿಯರ್ ಎಳೆಯಿತು ಎಂಬ ಲೆಕ್ಕ ಇಟ್ಟುಕೊಳ್ಳುವುದು. ಬೆಂಗಳೂರಿನಲ್ಲಿರುವ ಮಾವನ ಮಗಳು ಫೋನಿನಲ್ಲಿ ನೋಡುವುದು ಅದನ್ನೇ. ಹೋದ ಬೇಸಿಗೆಯಲ್ಲಿ ಮೂರು ವಾರದ ಗ್ರಾಫ್‌ನಲ್ಲಿ ಆಂಪಿಯರ್ ನಿಧಾನವಾಗಿ ಏರುತ್ತಿರುವುದು ಅವಳಿಗೇ ಮೊದಲು ಕಂಡಿತು. ಬಿಚ್ಚಿಸಿ ನೋಡಿದರೆ ಬೇರಿಂಗ್ ಸವೆದಿತ್ತು. ವಾರಗಟ್ಟಲೆಯ ಹೋಲಿಕೆ ಪಂಪ್‌ಹೌಸ್‌ನ ಚಿಪ್ಪಿಗೆ ಆಗುವ ಕೆಲಸವಲ್ಲ.

ಆನೆ ಕ್ಯಾಮರಾ: ಇಲ್ಲಿ ಬೈಟಿನ ಲೆಕ್ಕವೇ ಮುಖ್ಯ

ಮಳೆಗೆ, ಮಣ್ಣಿಗೆ ಎಡ್ಜ್ ಬೇಕಾದದ್ದು ಡೇಟಾ ಉಳಿಸಲು ಅಲ್ಲ. ಆರು ನೋಡ್‌ಗಳ ಹಸಿ ಡೇಟಾ ದಿನಕ್ಕೆ ಆರು ಕೆಬಿಯೂ ಇಲ್ಲ. "ಎಡ್ಜ್ ಹಾಕಿದರೆ ಕ್ಲೌಡ್ ಖರ್ಚು ಉಳಿಯುತ್ತದೆ" ಎಂದು ಯಾರಾದರೂ ಮಳೆ ಮಾಪಕ ಮಾರಲು ಬಂದರೆ ನಕ್ಕುಬಿಡಿ. ಆನೆ ಬಂದರೆ ತಿಳಿಯಲೆಂದು ಗೇಟಿಗೆ ಹಾಕುವ ಕ್ಯಾಮರಾದ ಕಥೆ ಬೇರೆ. ಸೆಕೆಂಡಿಗೆ ಎರಡು ಮೆಗಾಬಿಟ್‌ನ ಮಾಮೂಲಿ ವಿಡಿಯೋ ದಿನಪೂರ್ತಿ ಮೇಲೆ ಕಳಿಸಿದರೆ 21.6 ಜಿಬಿ ಆಗುತ್ತದೆ. ತೋಟದ ಗೇಟಿನ ಹತ್ತಿರದ ನೆಟ್‌ಗೆ ಅದರ ಹತ್ತರಲ್ಲೊಂದು ಪಾಲೂ ಕಷ್ಟ.

ಹಾಗಾಗಿ ಚಿತ್ರ ನೋಡುವ ಕೆಲಸ ಕ್ಯಾಮರಾ ಪಕ್ಕದಲ್ಲೇ ಆಗಬೇಕು. ಅನುಮಾನ ಬಂದಾಗ ಮಾತ್ರ ನೂರು ಕೆಬಿಯ ಒಂದು ಚಿತ್ರ ಮೇಲೆ ಹೋದರೆ ಸಾಕು. ಉಚಿತವಾಗಿ ಸಿಗುವ ಗುರುತಿಸುವ ಮಾಡೆಲ್‌ಗಳು ಹೆಚ್ಚಾಗಿ ಕೋಕೋ ಎಂಬ ಚಿತ್ರಸಂಗ್ರಹದಿಂದ ಕಲಿತವು. ಅದರ ಎಂಬತ್ತು ಬಗೆಗಳಲ್ಲಿ ಆನೆಯೂ ಒಂದು. ಅದನ್ನು ಕೇಳಿ ಖುಷಿಪಡಬೇಡಿ. ಅದು ಕಲಿತದ್ದು ಬಹುಪಾಲು ಹಗಲಿನ, ಬಯಲಿನ, ಪೂರ್ತಿ ಮೈ ಕಾಣುವ ಆನೆ. ನಮ್ಮ ಆನೆ ಬರುವುದು ರಾತ್ರಿ, ಕಾಫಿ ಗಿಡದ ನಡುವೆ, ಇನ್‌ಫ್ರಾರೆಡ್ ಬೆಳಕಿನಲ್ಲಿ ಬೂದು ಗೋಡೆಯ ಹಾಗೆ. ನಮ್ಮಲ್ಲಿ ಮೊದಲ ತಿಂಗಳು ಅದು ಎರಡು ಸಲ ಜೀಪಿಗೆ ಆನೆ ಎಂದಿತು, ನಿಜವಾಗಿ ಬಂದ ಆನೆಯನ್ನು ಬಿಟ್ಟಿತು.

ಇಲ್ಲಿ ಎಡ್ಜ್ ಮತ್ತು ಕ್ಲೌಡ್ ಒಂದಕ್ಕೊಂದು ಬೇಕು. ಗುರುತಿಸುವುದು ಗೇಟಿನ ಹತ್ತಿರ. ಅನುಮಾನದ ಚಿತ್ರಗಳು ಹಗಲು ನೆಟ್ ಬಿಡುವಾಗಿದ್ದಾಗ ಕ್ಲೌಡ್‌ಗೆ ಹೋಗಿ ಸೇರುತ್ತವೆ. ಅಲ್ಲಿ ಕೂತು ಇದು ಆನೆ, ಇದು ಜೀಪು ಎಂದು ಗುರುತು ಹಾಕಿ, ಮಾಡೆಲ್‌ಗೆ ಮತ್ತೆ ಕಲಿಸಿ, ಹೊಸ ಮಾಡೆಲ್ ಕೆಳಗೆ ಕಳಿಸುವುದು. ಕಲಿಸುವ ಭಾರದ ಕೆಲಸ ಗೇಟಿನ ಪುಟ್ಟ ಕಂಪ್ಯೂಟರಿಗೆ ಆಗದು. ಆದರೂ ಬೆಳಿಗ್ಗೆ ಕೆಲಸದವರನ್ನು ಲೈನ್ ಮನೆಯಿಂದ ಬ್ಲಾಕಿಗೆ ಕಳಿಸುವ ತೀರ್ಮಾನವನ್ನು ಈ ಕ್ಯಾಮರಾ ನಂಬಿ ಮಾಡಬೇಡಿ ಎಂದು ಮಾವನಿಗೆ ಖಡಾಖಂಡಿತ ಹೇಳಿದ್ದೇನೆ. ಅದು ಹೇಳಿದರೆ ಆನೆ ಇರಬಹುದು. ಹೇಳದಿದ್ದರೆ ಆನೆ ಇಲ್ಲ ಎಂದಲ್ಲ.

ದುಡ್ಡು ಕೊಡುವ ಮೊದಲು

ಮನೆ ಹತ್ತಿರ ಒಂದೇ ಮಾಪಕ, ಟವರ್ ಚೆನ್ನಾಗಿದೆ ಅಂದರೆ ಸಿಮ್ ಸಾಧನ ತೆಗೆದುಕೊಳ್ಳಿ, ಆದರೆ ಒಟ್ಟು ಎಣಿಕೆ ಕಳಿಸುತ್ತದಾ ಎಂದು ಕೇಳಿ. ನೋಡ್‌ಗಳು ನಾಲ್ಕೈದು ದಾಟಿದರೆ, ಮಳೆ ಮಣ್ಣು ನೋಡುವುದಷ್ಟೇ ಸಾಕಿದ್ದರೆ, ಎರಡನೇ ದಾರಿಯೂ ನಡೆಯುತ್ತದೆ. ನೆಟ್ ಹೋದ ದಿನಗಳ ವಿವರ ಸಿಗುವುದಿಲ್ಲ, ಒಟ್ಟು ಮಾತ್ರ ಸಿಗುತ್ತದೆ. ಪಂಪ್ ಸೇರಿತು ಅಂದರೆ ಮೂರನೆಯದೇ, ಯುಪಿಎಸ್ ಮತ್ತು ಗಡಿಯಾರದ ಚಿಪ್ ಸಮೇತ. ಎಸ್‌ಡಿ ಕಾರ್ಡ್ ಬೇಡ. ಕರೆಂಟು ಹೋಗಿ ಬಂದು ಮಾಡುವ ಊರಿನಲ್ಲಿ ಅದು ಬೇಗ ಕೆಡುತ್ತದೆ, ಸಣ್ಣ ಎಸ್‌ಎಸ್‌ಡಿ ಹಾಕಿಸಿ.

ಹಾಕುವವರು ಬಂದ ದಿನ ಒಂದು ಪರೀಕ್ಷೆ ಮಾಡಿಸಿ. ಮಾಪಕದ ಬಾಯಿ ಎಂಟು ಇಂಚು ಅಗಲ, ಒಂದು ಮಗುಚಿಗೆ ಒಂದು ಸೆಂಟ್ ಇದ್ದರೆ, ಒಂದು ಇಂಚು ಮಳೆ ಅಂದರೆ 824 ಮಿಲಿಲೀಟರ್ ನೀರು. ಬಾಯಿಯ ಅಳತೆ ಬೇರೆ ಇದ್ದರೆ ಲೆಕ್ಕ ಬೇರೆ. ಒಂದು ಲೀಟರ್ ಬಾಟಲಿಗೆ ಅಷ್ಟು ನೀರು ಅಳೆದು ಹಾಕಿ, ಮುಚ್ಚಳಕ್ಕೆ ಗುಂಡುಸೂಜಿಯಲ್ಲಿ ತೂತು ಮಾಡಿ, ಮಾಪಕದ ಮೇಲೆ ತಲೆಕೆಳಗಾಗಿ ನಿಲ್ಲಿಸಿ, ಗಾಳಿ ಒಳಗೆ ಹೋಗಲು ತಳದಲ್ಲೂ ಒಂದು ತೂತು ಮಾಡಿ. ಒಂದು ಗಂಟೆಯಾದರೂ ತೊಟ್ಟಿಕ್ಕಲಿ. ಬೇಗ ಸುರಿದರೆ ತೊಟ್ಟಿ ಮಗುಚುವಷ್ಟರಲ್ಲಿ ನೀರು ಜಾರಿ ಎಣಿಕೆ ಕಮ್ಮಿ ಬರುತ್ತದೆ, ಜಡಿಮಳೆಯಲ್ಲೂ ಇದೇ ಆಗುತ್ತದೆ. ಬಾಟಲಿ ಇಟ್ಟ ಕೂಡಲೇ ಮನೆಯ ಇಂಟರ್ನೆಟ್ ತಂತಿ ಕಿತ್ತುಬಿಡಿ. ಅರ್ಧ ನೀರು ಇಳಿದಾಗ ಗೇಟ್‌ವೇಯ ಕರೆಂಟು ತೆಗೆದು ಹತ್ತು ನಿಮಿಷ ಬಿಟ್ಟು ಹಾಕಿ. ನೀರು ಮುಗಿದ ಮೇಲೆ ಕಾಫಿ ಕುಡಿದು ಬಂದು ತಂತಿ ಸಿಕ್ಕಿಸಿ. ಫೋನಿನಲ್ಲಿ ಒಂದು ಇಂಚಿಗೆ ಎರಡು ಮೂರು ಸೆಂಟ್ಸ್ ಆಚೀಚೆ, ಅದೂ ನೀರು ಬಿದ್ದ ಹೊತ್ತಿಗೇ ಕಾಣಿಸಿದರೆ ಚೆಕ್ ಬರೆಯಿರಿ.